ಅವ್ವ ಖುದ್ದು ಹಾಜರಿರತಕ್ಕದ್ದು

ಅಪ್ಪ ತೀರಿಕೊಂಡ ವರ್ಷ ಗೌರಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗಲೇ ನಾನು ಹುನಗುಂದದ ಗಂಡನ ಮನೆಯಿಂದ ಬಾಗಲಕೋಟೆಯ ತವರಿಗೆ ಬಂದೆ. ಚೀಲ ಕೆಳಗಿಡುವುದಕ್ಕೂ ಪುರಸೊತ್ತು ಕೊಡದೆ ಅವ್ವ ಹೇಳಿದಳು, "ನಿನ್ನ ಅಕ್ಷರ ಚಲೋ ಅದಾವು. ಸೆಕ್ರೆಟರಿಗೆ ಒಂದು ಅರ್ಜಿ ಬರಿ. ಹುಣ್ಣಿಮಿ ದಿನ ಸಂಜೀಕ ಅಂಗಳ ಬೇಕು."

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮದು ನೌಕರರ ಗೃಹ ನಿರ್ಮಾಣ ಸಹಕಾರಿ ಸಂಘದ ಮನೆ. ಜನರ ಬಾಯಲ್ಲಿ ಬರೀ ಸೊಸಾಯಿಟಿ. ಮೂರು ಕಡೆ ಸಾಲಾಗಿ ಮನೆಗಳು, ನಡುವೆ ಎಲ್ಲರಿಗೂ ಸೇರಿದ ಅಂಗಳ, ಅಂಗಳದಲ್ಲಿ ಒಂದು ಬೇವಿನ ಗಿಡ, ಒಂದು ನೀರಿನ ಟಾಕಿ. ಊರೇ ಒಂದು ದಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತದೆ ಎಂಬ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ಆದರೂ ಆ ಅಂಗಳದ ಒಂದೊಂದು ಮೊಳಕ್ಕೂ ಜನ ಜಗಳ ಆಡುತ್ತಿದ್ದರು. ಹಿಂದೊಮ್ಮೆ ಗಣಪತಿ ಹಬ್ಬದಲ್ಲಿ ಕರ್ಕಶವಾಗಿ ಒದರಿದ ಸ್ಪೀಕರಿನಿಂದ ಎರಡು ಮನೆಗಳವರು ಕೈ ಕೈ ಮಿಲಾಯಿಸಿದ ಮೇಲೆ ಒಂದು ಠರಾವು ಆಗಿತ್ತು: ಯಾರೇ ಅಂಗಳದಲ್ಲಿ ಹಬ್ಬ, ಕಾರ್ಯ ಮಾಡುವುದಿದ್ದರೂ ಎಂಟು ದಿನ ಮೊದಲು ಕಾರ್ಯದರ್ಶಿಗೆ ಅರ್ಜಿ ಕೊಡಬೇಕು, ಕಮಿಟಿ ಪರವಾನಗಿ ಕೊಡಬೇಕು.

ನಮಗೆ ಅಂಗಳ ಬೇಕಾದದ್ದು ತಂಗಿಯ ಸಕ್ಕರೆ ಆರತಿಗೆ. ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಯ ದಿನ ಗಂಡಿನ ಮನೆಯವರು ಸೀರೆ, ಹೂವು, ಸಕ್ಕರೆಯ ಆನೆ, ಒಂಟೆ, ನವಿಲುಗಳನ್ನು ತರುತ್ತಾರೆ. ಓಣಿಯ ಮುತ್ತೈದೆಯರು ಕೂಡಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಆರತಿ ಬೆಳಗುತ್ತಾರೆ. ತಂಗಿಯ ಬೀಗರು ಇಳಕಲ್ಲಿನವರು, ಸೀರೆ ಅಂಗಡಿಯವರು. ನಿಶ್ಚಯ ಮಾಡಿದ್ದು ಅಪ್ಪ. ಅವನು ಹೋದ ಮೇಲೆ ಬೀಗತಿ ಒಂದೆರಡು ಸಲ "ಗಂಡು ದಿಕ್ಕಿಲ್ಲದ ಮನಿ, ಮುಂದಿನ ಕಾರ್ಯ ಹೆಂಗ ಮಾಡ್ತಾರೋ" ಎಂದು ಯಾರ ಮುಂದೆಯೋ ಅಂದದ್ದು ಬಸ್ಸು ಹತ್ತಿ ನಮ್ಮ ಕಿವಿಗೂ ಬಂದಿತ್ತು. ನಮ್ಮ ಎರಡು ಕೋಣೆಯ ಮನೆಯಲ್ಲಿ ಬೀಗರ ಕಡೆಯ ಹೆಂಗಸರನ್ನು ಒಬ್ಬರ ಮೇಲೊಬ್ಬರಂತೆ ಕೂರಿಸಿದರೆ ಆ ಮಾತಿಗೆ ನಾವೇ ಅಂಕಿತ ಹಾಕಿದಂತಾಗುತ್ತಿತ್ತು. ಅಂಗಳ ಸಿಗಲೇಬೇಕಾಗಿತ್ತು.

ನಾನು ಅರ್ಜಿ ಬರೆದೆ. "ಮಾನ್ಯ ಕಾರ್ಯದರ್ಶಿಗಳಿಗೆ" ಎಂದು ಶುರುಮಾಡಿ, ಸ್ಪೀಕರ್ ಹಚ್ಚುವುದಿಲ್ಲ, ಟಾಕಿಯ ಹಾದಿ ಬಂದ್ ಮಾಡುವುದಿಲ್ಲ, ಮುಗಿದ ಮೇಲೆ ಗುಡಿಸಿ ಕೊಡುತ್ತೇವೆ ಎಂದೆಲ್ಲ ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಬರೆದವಳು ನಾನಲ್ಲವೇ!

ಸೆಕ್ರೆಟರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ತೆಳ್ಳಗಿನ ಮನುಷ್ಯ, ಮಾತು ಅದಕ್ಕಿಂತ ತೆಳ್ಳಗೆ. ಟಾಕಿಯ ಪಕ್ಕದ ಚಿಕ್ಕ ಕೋಣೆಯೇ ಸೊಸಾಯಿಟಿಯ ಆಫೀಸು. ಅರ್ಜಿ ಓದಿ, ಮಡಚಿ, ನನ್ನ ಕೈಗೇ ಮರಳಿ ಕೊಟ್ಟರು.

"ಇದು ನಡಿಯೂದಿಲ್ರಿ, ತಂಗಿ. ನೀವು ಸದಸ್ಯರಲ್ಲ."

"ನಾ ಈ ಮನಿ ಮಗಳರೀ," ಎಂದೆ.

"ಮಗಳು ಖರೆ. ಲಗ್ನಾಗಿ ಹೋದವರು. ಅರ್ಜಿ ಸದಸ್ಯರಿಂದ ಬರಬೇಕು."

"ಸದಸ್ಯರು ನಮ್ಮಪ್ಪ. ಅವರನ್ನ ಎಲ್ಲಿಂದ ಕರ್ಕೊಂಡು ಬರ್ಲಿ?" ನನ್ನ ಬಾಯಿ ಹಾಗೇ. ತಡೆಯುವುದರೊಳಗೆ ಹೊರಗೆ ಬಿದ್ದಿರುತ್ತದೆ.

ಅವರು ಸಿಟ್ಟಾಗಲಿಲ್ಲ. "ನಿಮ್ಮಪ್ಪಾರು ವಾರಸಾ ಅಂತ ನಿಮ್ಮವ್ವಾರ ಹೆಸರು ಬರೆದು ಕೊಟ್ಟಿದ್ರು. ಹಿಂದಿನ ಮೀಟಿಂಗಿನ್ಯಾಗ ಶೇರು ಅವರ ಹೆಸರಿಗೆ ಆಗೇತಿ. ಈಗ ಸದಸ್ಯರು ಅವರ. ಅವರ ಸಹಿ ತರ್ರಿ," ಎಂದರು.

ಅಪ್ಪ ಸತ್ತಾಗ ಅವ್ವನಿಗೆ ಕುಂಕುಮ ಹೋಗಿತ್ತು, ಬಳೆ ಹೋಗಿತ್ತು, ತಾಳಿ ಹೋಗಿತ್ತು. ಬಂದದ್ದು ಏನಾದರೂ ಇದ್ದರೆ ಈ ಸದಸ್ಯತ್ವವೊಂದೇ, ಅದೂ ನಮಗೆ ಗೊತ್ತೇ ಇರಲಿಲ್ಲ. ಬೇರೆ ಕಾಗದದ ಮೇಲೆ ಮತ್ತೆ ಬರೆದೆ. ಅವ್ವ ನಾಲ್ಕನೆಯ ಇಯತ್ತೆ ಓದಿದವಳು. ನಿಧಾನವಾಗಿ, ಉಸಿರು ಹಿಡಿದು ಸಹಿ ಮಾಡಿದಳು. ಸೆಕ್ರೆಟರಿ ಆವಕ ನಂಬರು ಹಾಕಿ ಪೋಚ್ ಕೊಟ್ಟರು, ಎಂದರೆ ಅರ್ಜಿ ಮುಟ್ಟಿತೆಂಬ ಚೀಟಿ. ಅದನ್ನು ಅವ್ವ ಜಗಲಿಯ ಮೇಲಿನ ವಿಭೂತಿ ಕರಡಿಗೆಯ ಕೆಳಗೆ ಇಟ್ಟಳು.

ಕಮಿಟಿಯಲ್ಲಿ ಸೆಕ್ರೆಟರಿಯೂ ಸೇರಿ ಐದು ಜನ. ನಾಲ್ವರದು ಚಿಂತೆ ಇರಲಿಲ್ಲ. ಐದನೆಯವರೇ ಹಿರಿಯರು. ಹಾಗೆಯೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ನೋಂದಣಿ ಕಚೇರಿಯಲ್ಲಿ ಇದ್ದು ನಿವೃತ್ತರಾದವರು, ಅಂಗಳದ ಆ ಬದಿ ನಮ್ಮ ಮನೆಗೆ ಎದುರುಬದುರು ಅವರ ಮನೆ. ಅಪ್ಪನಿಗೆ ಬೇಕಾದವರು. ಅಪ್ಪನ ಹೆಣದ ಮುಂದೆ ಮಗುವಿನ ಹಾಗೆ ಅತ್ತವರೂ ಅವರೇ. ಪ್ರತಿ ವರ್ಷ ಬಸವ ಜಯಂತಿಗೆ ಅದೇ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನಿಂತು, ನಮ್ಮ ಧರ್ಮದಲ್ಲಿ ಸೂತಕವೆಂಬುದೇ ಇಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಗಂಟಲು ಹರಿಯುವಂತೆ ಭಾಷಣ ಮಾಡುತ್ತಿದ್ದರು. ನಾನೂ ಚಿಕ್ಕಂದಿನಲ್ಲಿ ಕೈ ತಟ್ಟಿದ್ದೇನೆ. ಜಯಂತಿಯ ಮಾತು ಜಯಂತಿಗೆ ಎಂದು ತಿಳಿಯಲು ನನಗೆ ಆ ಗೌರಿ ಹುಣ್ಣಿಮೆ ಬರಬೇಕಾಯಿತು.

ಮೀಟಿಂಗು ಸಂಜೆ ಆಫೀಸಿನ ಕೋಣೆಯಲ್ಲಿ. ಅರ್ಜಿದಾರರನ್ನು ಏನಾದರೂ ಕೇಳಬೇಕಾದರೆ ಇರಲಿ ಎಂದು ಸೆಕ್ರೆಟರಿ ಅವ್ವನಿಗೆ ಬರಹೇಳಿದ್ದರು. ಅವ್ವ ಒಳಗೆ ಹೋಗಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತಳು, ನಾನು ಪಕ್ಕದಲ್ಲಿ ನಿಂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಅಂಗಳ ಕೊಡಾಕ ನಂದೇನೂ ತಕರಾರಿಲ್ಲ," ಎಂದಿತು ಹಿರಿಯರ ದನಿ. "ಆದ್ರ ಅವನು ಹೋಗಿ ವರ್ಷ ಸೈತ ತುಂಬಿಲ್ಲ. ಆ ಮನಿಯಿಂದ ಈಗ ಹಬ್ಬ, ಅದೂ ಮುತ್ತೈದೇರ ಹಬ್ಬ! ನೋಡಿದವರು ಏನಂತಾರು?"

"ಹುಡುಗಿ ಲಗ್ನ ವರ್ಷದೊಳಗ ಆಗಬೇಕಲ್ರಿ," ಎಂದರು ಇನ್ನೊಬ್ಬರು. "ಇಲ್ಲಾಂದ್ರ ಮೂರು ವರ್ಷ ಕಾಯಬೇಕಂತಾರ."

"ಲಗ್ನ ಮಾಡ್ಲಿ, ಬ್ಯಾಡ ಅಂದವರ್ಯಾರು? ಮಠದಾಗ ಮಾಡ್ಲಿ. ಅಂಗಳ ಎಲ್ಲಾರದು. ನಾಳೆ ಏನರ ಆದ್ರ ಜವಾಬ್ದಾರಿ ಯಾರು? ಆ ಮನ್ಯಾಗ ಗಂಡಸರಿಲ್ಲ."

ಸೆಕ್ರೆಟರಿ ಹೇಳಿದರು, "ಸದಸ್ಯರು ಅರ್ಜಿ ಕೊಟ್ಟಾರ, ಎಂಟು ದಿನಕ್ಕಿಂತ ಮೊದಲ ಕೊಟ್ಟಾರ. ನಿರಾಕರಿಸಬೇಕಂದ್ರ ಕಾರಣ ಬರೀಬೇಕಾಗ್ತದ. ಏನಂತ ಬರೀಲಿ?"

ವಿಧವೆ ಎಂಬ ಕಾರಣಕ್ಕೆ ಎಂದು ಸಂಘದ ಪುಸ್ತಕದಲ್ಲಿ ಬರೆಸುವ ಧೈರ್ಯ, ಜಯಂತಿಯ ಭಾಷಣ ಮಾಡುವವರಿಗೆ ಎಲ್ಲಿಂದ ಬರಬೇಕು?

ಆಮೇಲೆ ಹಿರಿಯರು ಮೆಲ್ಲಗೆ, ಕಾಗದಪತ್ರದಲ್ಲೇ ತಲೆ ನೆರೆತವರ ದನಿಯಲ್ಲಿ ಹೇಳಿದರು, "ಆತು, ಕೊಡೂನು. ಒಂದು ಷರತ್ತು ಹಾಕ್ರಿ. ಅರ್ಜಿದಾರ ಸದಸ್ಯರು ಕಾರ್ಯಕ್ರಮದ ಪ್ರಾರಂಭದಿಂದ ಮುಕ್ತಾಯದವರೆಗೆ ಅಂಗಳದಲ್ಲಿ ಖುದ್ದು ಹಾಜರಿರತಕ್ಕದ್ದು. ತಪ್ಪಿದಲ್ಲಿ ಪರವಾನಗಿ ರದ್ದು. ಜವಾಬ್ದಾರಿ ಅಂದ ಮ್ಯಾಲ ಇಷ್ಟರ ಇರಬೇಕಲ್ಲ?"

ಕೇಳಿದರೆ ತೀರಾ ನ್ಯಾಯದ ಮಾತು. ಆದರೆ ಗಂಡ ಸತ್ತು ವರ್ಷ ತುಂಬದವಳು ಸಕ್ಕರೆ ಆರತಿಯ ಮುಂದೆ ಬಂದು ಕುಳಿತದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಂಥವಳು ಒಳಗಿನ ಕೋಣೆಯಲ್ಲಿ ಇರುತ್ತಾಳೆ, ಹಾಡು ಗೋಡೆಯಾಚೆಯಿಂದ ಕೇಳುತ್ತಾಳೆ. ಅದು ಹಿರಿಯರಿಗೆ ಗೊತ್ತು, ಉಳಿದ ನಾಲ್ವರಿಗೂ ಗೊತ್ತು. ಅವ್ವ ಹೊರಗೆ ಬರುವುದಿಲ್ಲ, ಬರದಿದ್ದರೆ ಪರವಾನಗಿ ಇಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳದೆಯೇ ಬೇಡ ಎಂದಂತಾಯಿತು. ಐದೂ ಜನ ಸಹಿ ಹಾಕಿದರು.

ಮನೆಗೆ ಬಂದು ನಾನು ಸಿಟ್ಟಿನಿಂದ ಕುಣಿದಾಡಿದೆ. "ಅಂಗಳ ತಮ್ಮ ತಲಿಮ್ಯಾಲ ಇಟ್ಕೊಳ್ಳಲಿ! ಮನ್ಯಾಗ ಮಾಡೂನು. ಇಲ್ಲಾ ಮಠಕ್ಕ ಹೋಗೂನು." ತಂಗಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬೀಗರಿಗೆ ಅಂಗಳದಲ್ಲೇ ಎಂದು ಕಾಗದ ಬರೆದಾಗಿತ್ತು. ಈಗ ಜಾಗ ಬದಲಾಯಿಸಿದರೆ ಕಾರಣ ಹೇಳಬೇಕು. ಸ್ವಂತ ಸೊಸಾಯಿಟಿಯಲ್ಲೇ ಇವರಿಗೆ ಬೆಲೆಯಿಲ್ಲ ಎಂದು ಬೀಗತಿಗೆ ತಿಳಿದರೆ ತಂಗಿ ಆ ಮನೆಯಲ್ಲಿ ಜೀವಮಾನವೆಲ್ಲ ಆ ಮಾತು ಕೇಳಬೇಕು.

ಅವ್ವ ಪರವಾನಗಿಯ ಕಾಗದವನ್ನು ಎರಡು ಸಲ ಓದಿಸಿಕೊಂಡಳು. "ಖುದ್ದು ಅಂದ್ರ ನಾನ?" ಎಂದು ಕೇಳಿದಳು.

"ನೀನ."

"ನನ್ನ ಬದ್ಲಿ ನೀ ಕುಂತ್ರ?"

"ನಡಿಯೂದಿಲ್ಲ. ನಾ ಲಗ್ನಾಗಿ ಹೋದವಳು," ಎಂದೆ. ಆ ಮಾತು ಇನ್ನೂ ಚುಚ್ಚುತ್ತಲೇ ಇತ್ತು.

ಬರುತ್ತಾಳೋ ಇಲ್ಲವೋ ಅವ್ವ ನಮಗೆ ಹೇಳಲಿಲ್ಲ. ಹುಣ್ಣಿಮೆಯವರೆಗೆ ಆ ಮನೆಯಲ್ಲಿ ನಾವು ಮೂವರೂ ಬೆನ್ನಿಗೆ ಬೆನ್ನು ಮಾಡಿಕೊಂಡಂತೆ ಬದುಕಿದೆವು. ನನಗೆ ರಾತ್ರಿ ನಿದ್ದೆ ಸುಳಿಯುತ್ತಿರಲಿಲ್ಲ. ಹಿರಿಯರು ಕಟ್ಟೆಯ ಮೇಲೆ ಕುಳಿತು ಪೇಪರು ಓದುವುದು ಕಂಡರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಹುಣ್ಣಿಮೆಯ ದಿನ ಮಧ್ಯಾಹ್ನವೇ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿ ಜಮಖಾನೆ ಹಾಸಿದೆವು. ನಡುವೆ ತಂಗಿಗೆ ಮಣೆ. ಓಣಿಯ ಹೆಂಗಸರು ಒಬ್ಬೊಬ್ಬರೇ ಬರತೊಡಗಿದರು. ಹಿರಿಯರು ತಮ್ಮ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಸೆಕ್ರೆಟರಿ ಟಾಕಿಯ ಹತ್ತಿರ ನಿಂತಿದ್ದರು, ಕೈಯಲ್ಲಿ ಠರಾವಿನ ಪುಸ್ತಕ.

ಆಗ ಅವ್ವ ಹೊರಗೆ ಬಂದಳು. ಹಣೆಯ ಮೇಲೆ ವಿಭೂತಿ, ಅಂಚಿಲ್ಲದ ಬಿಳಿ ಸೀರೆ. ತಾನೇ ಒಂದು ಸ್ಟೂಲು ಹಿಡಿದುಕೊಂಡು ಬಂದು ಮಣೆಯಿಂದ ನಾಲ್ಕು ಮಾರು ದೂರದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕುಳಿತಳು. ಹೆಂಗಸರ ಮಾತು ಥಟ್ಟನೆ ನಿಂತಿತು. ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಯಾರೋ ಕೂಗಿದರೂ ಅವ್ವ ಏಳಲಿಲ್ಲ. ನಾನೇ ಓಡಿದೆ. ಎದ್ದರೆ ರದ್ದು!

ಬೀಗರು ಬಂದಾಗ ಹೊತ್ತು ಮುಳುಗಿತ್ತು. ಮುಂದೆ ಬೀಗತಿ, ಹಿಂದೆ ತಟ್ಟೆಗಳಲ್ಲಿ ಸಕ್ಕರೆಯ ಆನೆ ಒಂಟೆಗಳನ್ನು ಹೊತ್ತ ಹೆಂಗಸರು. ಅಂಗಳದ ಗೇಟಿನಲ್ಲೇ ಬೀಗತಿಯ ಕಾಲುಗಳು ನಿಂತುಬಿಟ್ಟವು. ಎದುರಿಗೇ ಅವ್ವ. ಬೀಗತಿ ನನ್ನನ್ನು ಕರೆದು, ಮೆಲ್ಲಗೆ ಹೇಳುತ್ತೇನೆ ಎಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು, "ನಿಮ್ಮವ್ವಾರನ್ನ ಸ್ವಲ್ಪ ಒಳಗ ಕರ್ಕೊಂಡು ಹೋಗ್ರಿ. ಆರತಿ ಆದ ಮ್ಯಾಲ ಬರ್ಲಿ. ತಪ್ಪು ತಿಳ್ಕೋಬ್ಯಾಡ್ರಿ, ಹೊಸಾ ಕಾರ್ಯ, ಶುಭಾಶುಭ ನೋಡಬೇಕಾಗ್ತದ."

ಅವ್ವ ಅರ್ಧ ಎದ್ದಳು. ಯಾರು ಏನು ಹೇಳಿದರೂ ಹೂಂ ಎಂದು ಏಳುವುದು ಅವಳ ಮೈಗೆ ಹತ್ತಿದ ರೂಢಿ. ಆ ಕಡೆ ಹಿರಿಯರೂ ಕುರ್ಚಿಯಿಂದ ಎದ್ದರು. ಬಾಯಿಬಡುಕಿ ಎನಿಸಿಕೊಂಡ ನನಗೆ ಆ ಹೊತ್ತಿಗೆ ಒಂದು ಅಕ್ಷರವೂ ಹೊರಡಲಿಲ್ಲ.

ಮಾತಾಡಿದ್ದು ಸೆಕ್ರೆಟರಿ. ಗೇಟಿನ ಹತ್ತಿರ ಬಂದು, ತಮ್ಮ ತೆಳ್ಳಗಿನ ದನಿಯಲ್ಲೇ ಹೇಳಿದರು, "ಅವರು ಒಳಗ ಹೋದ್ರ ಕಾರ್ಯಕ್ರಮ ನಿಲ್ಲಿಸಬೇಕಾಗ್ತದ್ರಿ, ಅಕ್ಕಾರ. ಪ್ರಾರಂಭದಿಂದ ಮುಕ್ತಾಯದತನಕ ಅವರು ಅಂಗಳದಾಗ ಇರಲಿಕ್ಕೇ ಬೇಕು ಅಂತ ಠರಾವು ಐತಿ."

"ಇದೆಂಥಾ ಠರಾವ್ರಿ?" ಬೀಗತಿಯ ಹುಬ್ಬು ಮೇಲೇರಿತು. "ಎಲ್ಲೂ ಕೇಳಿಲ್ಲ. ಯಾರು ಮಾಡಿದ್ದು?"

ಸೆಕ್ರೆಟರಿ ಬೆರಳು ತೋರಿಸಲಿಲ್ಲ. ಸುಮ್ಮನೆ ಹಿರಿಯರ ಕಡೆ ತಿರುಗಿದರು. ಅಂಗಳದ ಕಣ್ಣೆಲ್ಲ ಅವರ ಹಿಂದೆಯೇ ತಿರುಗಿತು.

ಹಿರಿಯರಿಗೆ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಅವ್ವ ಬರುವುದಿಲ್ಲ ಎಂದು ಹಾಕಿದ ಷರತ್ತು ಈಗ ಅವ್ವನನ್ನು ಹೋಗಗೊಡುವುದಿಲ್ಲ ಎನ್ನುತ್ತಿತ್ತು. ಅವರು ಕೆಮ್ಮಿ, "ಹೋಗ್ಲಿ, ಹೋಗ್ಲಿ, ಅಕಿ ಒಳಗ ಹೋಗ್ಲಿ. ನಾ ಒಪ್ಪೇನಿ. ಆರತಿ ನಡೀಲಿ," ಎಂದರು.

"ಒಬ್ಬರು ಒಪ್ಪಿದ್ರ ಆಗೂದಿಲ್ರೀ," ಎಂದರು ಸೆಕ್ರೆಟರಿ. "ಠರಾವು ಬದಲಿ ಮಾಡಬೇಕಂದ್ರ ಮೀಟಿಂಗ್ ಕರೀಬೇಕು. ನೋಟೀಸು ಕೊಡಬೇಕು, ಕೋರಂ ಆಗಬೇಕು. ಇವತ್ತಂತೂ ಆಗೂದಿಲ್ಲ."

ನಗಬೇಕಾದ ಮಾತು. ಯಾರೂ ನಗಲಿಲ್ಲ. ಬೀಗತಿ ಹಿಂದೆ ನಿಂತಿದ್ದ ತಮ್ಮ ಹೆಂಗಸರ ಕಡೆ ನೋಡಿದರು. ತಟ್ಟೆ ಹಿಡಿದ ಒಬ್ಬಾಕೆ ಆಗಲೇ ಗೇಟಿನ ಹೊರಗೆ ಒಂದು ಹೆಜ್ಜೆ ಇಟ್ಟಿದ್ದಳು. ಈಗ ತಿರುಗಿ ಹೋದರೆ ಮುಗಿಯಿತು, ಆರತಿಯೂ ಇಲ್ಲ, ಲಗ್ನವೂ ಇಲ್ಲ ಎಂದುಕೊಂಡೆ. ಅವ್ವ ಅರ್ಧ ಎದ್ದವಳು ಹಾಗೆಯೇ, ಕೂರಲೂ ಆಗದೆ ಏಳಲೂ ಆಗದೆ, ಸ್ಟೂಲಿನ ಅಂಚು ಹಿಡಿದು ಬಗ್ಗಿ ನಿಂತಿದ್ದಳು. ಹೆತ್ತ ಮಗಳ ಹಬ್ಬದಲ್ಲಿ ಹೆತ್ತವಳು ಕಳ್ಳಿಯ ಹಾಗೆ ನಿಲ್ಲುವುದನ್ನು ನೋಡಿ ನನಗೆ ಅಳು ಬಂತು.

ಆಗ ಮಣೆಯ ಮೇಲಿದ್ದ ತಂಗಿ ಎದ್ದಳು. ದಿನವೆಲ್ಲ ತಲೆ ಬಗ್ಗಿಸಿ ಕೂತವಳು, ಮಣೆಯನ್ನು ಕಾಲಲ್ಲಿ ತಳ್ಳದೆ ಎರಡೂ ಕೈಯಲ್ಲಿ ಎತ್ತಿಕೊಂಡು, ಹೋಗಿ ಅವ್ವನ ಸ್ಟೂಲಿಗೆ ತಾಗಿಸಿ ಹಾಕಿ, ಅವ್ವನ ಕೈ ಹಿಡಿದು ಎಳೆದು ಕೂರಿಸಿ, ತಾನೂ ಕುಳಿತಳು.

"ಅತ್ತಿಯಾರ," ಎಂದಳು. ದನಿ ಒಡೆದಿತ್ತು, ಆದರೆ ಗೇಟಿನವರೆಗೂ ಕೇಳಿಸಿತು. "ನಾ ನಿಮ್ಮ ಮನಿಗೆ ಬರಾಕಿ. ನೀವು ಹೇಳಿದ್ಹಂಗ ಕೇಳ್ತೇನಿ. ಆದ್ರ ಇವತ್ತ ನಮ್ಮವ್ವನ ಒಳಗ ಕಳಿಸಿ ಆರತಿ ಮಾಡಿಸ್ಕೊಳ್ಳೂದಿಲ್ಲ. ನಾಳೆ ನನಗೂ ಹಿಂಗಾದ್ರ, ನನ್ನ ಮಗಳ ಆರತಿಗೆ ನನ್ನೂ ಕ್ವಾಣ್ಯಾಗ ಕೂಡಸ್ತೀರೇನು?"

ಯಾವ ಹುಡುಗಿಯೂ ಆಡಬಾರದ ಮಾತು, ಅದೂ ಅತ್ತೆಯಾಗುವವಳ ಎದುರಿಗೆ, ಅವಳ ಮಗನ ಆಯುಷ್ಯಕ್ಕೇ ತಾಗುವಂಥದ್ದು. ಬಿಟ್ಟ ಬಾಯಿ ಬಿಟ್ಟಂತೆ ಹೆಂಗಸರೆಲ್ಲ ನಿಂತರು. ಬೀಗತಿಯ ಮುಖ ಕಪ್ಪಿಟ್ಟಿತು. ಈಗ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬೀಗತಿ ಮಣೆಯ ಹತ್ತಿರ ಬಂದಿದ್ದರು. ಪ್ರೀತಿಯಿಂದ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಿನಿಂದಲೇ ಬಂದರು. "ಬಾಯಿ ಭಾಳ ಐತಿ ನಿನಗ. ಬಿಡ್ತು ಅನ್ನು ಮೊದ್ಲ," ಎಂದು ಗದರಿದರು. ತಂಗಿ "ಬಿಡ್ತು" ಎಂದಳು. ಬೀಗತಿ ಅವಳ ಹಣೆಗೆ ಕುಂಕುಮ ಹಚ್ಚಿ, ಮಡಿಲಿಗೆ ಸೀರೆ ಇಟ್ಟು, ಹಿಂದೆ ತಿರುಗಿ ತಮ್ಮವರಿಗೆ, "ಏನ್ ನೋಡ್ಕೋತ ನಿಂತೀರಿ? ದೀಪಾ ಹಚ್ಚ್ರಿ," ಎಂದರು. ಗೇಟಿನ ಹೊರಗೆ ಕಾಲಿಟ್ಟಿದ್ದಾಕೆ ತಟ್ಟೆ ಹೊತ್ತು ಓಡಿ ಬಂದಳು.

ಆರತಿ ನಡೆಯಿತು. ತಂಗಿಯೂ ಅವ್ವನೂ ಒತ್ತಿಕೊಂಡು ಕುಳಿತಿದ್ದರಿಂದ ಬೆಳಗಿದ ದೀಪದ ಬೆಳಕು ಇಬ್ಬರ ಮುಖದ ಮೇಲೂ ಬಿತ್ತು. ಹಾಡು ಮೊದಲು ಅಳುಕುತ್ತ ಎದ್ದದ್ದು ಆಮೇಲೆ ಏರಿತು. ಬೀಗತಿ ಅವ್ವನ ಜೊತೆ ಮಾತೇನೂ ಆಡಲಿಲ್ಲ, ಆದರೆ ಎದ್ದು ಹೋಗೆಂದೂ ಮತ್ತೆ ಹೇಳಲಿಲ್ಲ. ಹಿರಿಯರು ಯಾವಾಗ ಒಳಗೆ ಹೋದರೋ, ಅವರ ಕುರ್ಚಿ ಖಾಲಿಯಾಗಿತ್ತು. ಅವ್ವ ಅತ್ತಳೇ ಎಂದು ಮುಂದೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಅಳಲಿಲ್ಲ. ಕಣ್ಣು ಪಿಳುಕಿಸದೆ ಮಗಳನ್ನೇ ನೋಡುತ್ತಿದ್ದಳು.

ಬೀಗರು ಊಟ ಮಾಡಿ ಊರೊಳಗಿನ ತಮ್ಮ ನೆಂಟರ ಮನೆಗೆ ಹೋದ ಮೇಲೆ ಜಮಖಾನೆ ಸುತ್ತಿ ಕಸ ಗುಡಿಸಿದೆವು. ಸೆಕ್ರೆಟರಿ ಅಂಗಳವನ್ನೊಮ್ಮೆ ಸುತ್ತು ಹಾಕಿ ಬಂದರು. ನಾನು ಕೈಮುಗಿದೆ. ಅವರಿಗೆ ಎಷ್ಟು ಉಪಕಾರ ಹೇಳಿದರೂ ಕಡಿಮೆ ಎನಿಸಿತ್ತು. "ನೀವು ಇದ್ದದ್ದಕ್ಕ ನಮ್ಮ ಮರ್ಯಾದಿ ಉಳೀತ್ರಿ, ಸರ್," ಎಂದೆ. ಅವರು ಸಂಕೋಚದಿಂದ, "ನಂದೇನೈತ್ರಿ, ಠರಾವಿನ ಪ್ರಕಾರ ನಡದೈತಿ," ಎಂದು, ಅವ್ವನ ಕಡೆ ನೋಡಿ, "ಮುಕ್ತಾಯ ಆತ್ರಿ, ಅಕ್ಕಾರ. ಇನ್ನ ಒಳಗ ಹೋಗಬಹುದು," ಎಂದರು.

ಅವ್ವ ಸ್ಟೂಲಿನಿಂದ ಏಳಲಿಲ್ಲ. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ನಾನು ಅವಳ ಬಾಯಲ್ಲಿ ಎಂದೂ ಕೇಳದ ಗಡಸು ದನಿಯಲ್ಲಿ ಹೇಳಿದಳು, "ಠರಾವು ಇರಲಿಲ್ಲಾಂದ್ರ ಬೀಗತಿ ಅಂದ ಕೂಡಲೆ ನಾ ಎದ್ದು ಹೋಗಿರತಿದ್ದೆ, ಮಾಸ್ತರ. ನೀವೂ ಸುಮ್ನ ನಿಂತಿರತಿದ್ರಿ. ಹೊಟ್ಟೀಲೆ ಹಡದ ಮಗಳ ಆರತಿ ನೋಡಾಕ ನನಗ ಐದು ಮಂದಿ ಗಂಡಸರ ಸಹಿ ಬೇಕಾತು."

ಸೆಕ್ರೆಟರಿ ಪುಸ್ತಕವನ್ನು ಬಗಲಲ್ಲಿ ಒತ್ತಿಹಿಡಿದರು. "ಖರೆ ಐತ್ರಿ," ಎಂದು, ತಲೆ ತಗ್ಗಿಸಿ ತಮ್ಮ ಮನೆಗೆ ನಡೆದರು.